ನಾರು ಜಾಸ್ತಿ ತಿಂದರೆ ಹೊಟ್ಟೆ ಉಬ್ಬುವುದು ಯಾಕೆ?

ಪ್ರಶ್ನೆ: ಮಲಬದ್ಧತೆಗೆ ಅಂತ ಅನ್ನ ಬಿಟ್ಟು ಮುದ್ದೆ, ಮೊಳಕೆಕಾಳು, ಇಸಬ್‌ಗೋಲ್ ಶುರು ಮಾಡಿದೆ. ಹೊಟ್ಟೆ ಉಬ್ಬಿ ಇನ್ನೂ ಕಟ್ಟಿಕೊಂಡಿದೆ, ಯಾಕೆ?

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ್ದಕ್ಕೆ, ಬಹುಶಃ ನೀರೂ ಸಾಲದೆ. ನಾರು ನಮಗೆ ಅರಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುವಾಗ ದೋಸೆ ಹಿಟ್ಟಿನಲ್ಲಿ ಏಳುವ ಹಾಗೆ ಗ್ಯಾಸ್ ಏಳುತ್ತದೆ, ಕಾಳಿನಿಂದ ಸ್ವಲ್ಪ ಜಾಸ್ತಿನೇ. ಇಸಬ್‌ಗೋಲ್ ಒಂದು ಚಮಚ ಸ್ವಲ್ಪವೇ ನೀರಿಗೆ ಹಾಕಿಟ್ಟು ನೋಡಿ, ಗಟ್ಟಿ ಲೋಳೆಯಾಗುತ್ತದೆ ಅಲ್ವಾ? ನೀರು ಸಾಲದಿದ್ದರೆ ಕರುಳಲ್ಲೂ ಹಾಗೇ ಕೂರುತ್ತದೆ.

ಉಬ್ಬರ ಇಳಿಯುವವರೆಗೆ ಹಳೇ ಊಟವನ್ನೇ ಮಾಡಿ. ಆಮೇಲೆ ವಾರಕ್ಕೆ ಒಂದೇ ಬದಲಾವಣೆ: ಮೊದಲು ಒಂದು ಹೊತ್ತು ಸಣ್ಣ ಮುದ್ದೆ, ಮುಂದಿನ ವಾರ ಚೆನ್ನಾಗಿ ಬೆಂದ ಕಾಳು ಅರ್ಧ ಬಟ್ಟಲು, ಆಮೇಲೂ ಬೇಕೆನಿಸಿದರೆ ಇಸಬ್‌ಗೋಲ್ ಒಂದು ಚಮಚ, ಅದೂ ದೊಡ್ಡ ಲೋಟ ನೀರಲ್ಲಿ ಕಲಸಿದ ತಕ್ಷಣ ಕುಡಿಯಬೇಕು. ವಾಂತಿ, ಜೋರು ನೋವು ಇದ್ದರೆ ಅಥವಾ ಗಾಳಿಯೂ ಹೋಗದಿದ್ದರೆ ನಾರು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.