ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜನ್ಮ ದಿನಾಂಕ ತಪ್ಪಾಗಿದ್ದರೆ ಮಂಡಳಿಗೆ ಏನೆಂದು ಬರೆಯಬೇಕು?

ಪ್ರಶ್ನೆ: ನನ್ನ ಮಗಳು 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳು ಹುಟ್ಟಿದ್ದು 08-03-2007. ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಹಾಗೇ ಇದೆ. ಅಂಕಪಟ್ಟಿಯಲ್ಲಿ ಮಾತ್ರ 03-08-2007 ಎಂದು ಬಂದಿದೆ. ಆಗ ನಾವ್ಯಾರೂ ಗಮನಿಸಲಿಲ್ಲ, ಈಗ ಪಾಸ್‌ಪೋರ್ಟ್‌ಗೆ ಹೋದಾಗ ತಕರಾರು ಬಂತು. ಆಧಾರ್ ಪ್ರತಿ ಮತ್ತು ಅಫಿಡವಿಟ್ ಇಟ್ಟು ನಾನೇ ಮಂಡಳಿಗೆ ಪತ್ರ ಬರೆದೆ. ಶಾಲೆಯ ಮೂಲಕ ಬನ್ನಿ ಎಂದು ವಾಪಸ್ ಬಂತು. ಪತ್ರ ಹೇಗಿರಬೇಕು? ಏನೇನು ಲಗತ್ತಿಸಬೇಕು?
— ಓದುಗರು, ಹಾವೇರಿ

ಉತ್ತರ: ನಿಮ್ಮ ಪತ್ರ ವಾಪಸ್ ಬಂದದ್ದಕ್ಕೆ ಕಾರಣ ಭಾಷೆಯಲ್ಲ, ಲಗತ್ತಿಸಿದ ದಾಖಲೆ. ನಿಮ್ಮ ಮಗಳು ಯಾವ ದಿನ ಹುಟ್ಟಿದಳು ಎಂಬುದನ್ನು ಪರೀಕ್ಷಾ ಮಂಡಳಿ ತೀರ್ಮಾನಿಸುವುದಿಲ್ಲ. ಶಾಲೆಯ ದಾಖಲಾತಿ ವಹಿಯಲ್ಲಿ ಇದ್ದದ್ದು ಅಂಕಪಟ್ಟಿಯಲ್ಲಿ ಹಾಗೆಯೇ ಬಂದಿದೆಯೇ ಎಂಬುದಷ್ಟೇ ಅದು ನೋಡುವ ವಿಚಾರ. ಆಧಾರ್ ಮತ್ತು ಅಫಿಡವಿಟ್ ಎರಡೂ ನೀವೇ ಹೇಳಿ ಬರೆಸಿದ ದಿನಾಂಕವನ್ನು ತೋರಿಸುತ್ತವೆ, ಶಾಲೆಯಲ್ಲಿ ಏನಿತ್ತು ಎಂಬುದನ್ನು ತೋರಿಸುವುದಿಲ್ಲ. ಹಾಗಾಗಿ ಮೊದಲು ಶಾಲೆಗೆ ಹೋಗಿ, ತಪ್ಪು ಎಲ್ಲಿ ನುಸುಳಿತು ಎಂದು ಪತ್ತೆ ಮಾಡಿ. ಪತ್ರ ಆಮೇಲೆ.

ಜನ್ಮ ದಿನಾಂಕ ಅಂಕಪಟ್ಟಿಗೆ ಬರುವುದು ಮೂರು ಮೆಟ್ಟಿಲು ಹತ್ತಿ. ಮೊದಲನೆಯದು ಶಾಲೆಯವರು ಅಡ್ಮಿಷನ್ ರಿಜಿಸ್ಟರ್ ಎನ್ನುವ ದಾಖಲಾತಿ ವಹಿ. ಎರಡನೆಯದು ಹತ್ತನೇ ತರಗತಿಯಲ್ಲಿ ಶಾಲೆಯಿಂದ ಮಂಡಳಿಗೆ ಹೋಗುವ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳ ವಿವರಗಳ ಪಟ್ಟಿ. ಮೂರನೆಯದು ಮುದ್ರಿತ ಅಂಕಪಟ್ಟಿ. ಮುಖ್ಯ ಶಿಕ್ಷಕರ ಬಳಿ ಕೂತು ಮೊದಲೆರಡನ್ನೂ ತೆಗೆಸಿ ನೋಡಿ. ದಾಖಲಾತಿ ವಹಿಯಲ್ಲಿ ಅಂಕಿಗಿಂತ ಅಕ್ಷರದಲ್ಲಿ ಬರೆದದ್ದನ್ನು ಗಮನವಿಟ್ಟು ಓದಿ. 8-3-2007 ಎಂಬ ಅಂಕಿಯನ್ನು ಕೆಲವರು ತಿಂಗಳು ಮೊದಲು, ದಿನ ಆಮೇಲೆ ಎಂದು ಓದಿಬಿಡುತ್ತಾರೆ. ‘ಎಂಟು ಮಾರ್ಚ್ ಎರಡು ಸಾವಿರದ ಏಳು’ ಎಂದಿದ್ದರೆ ಆ ಗೊಂದಲಕ್ಕೆ ಜಾಗವೇ ಇಲ್ಲ. ದಿನ, ತಿಂಗಳು ಎರಡೂ 12ರ ಒಳಗಿದ್ದಾಗ ಅದಲು ಬದಲಾದರೂ ಕಂಪ್ಯೂಟರ್ ತಡೆಯುವುದಿಲ್ಲ, ಏಕೆಂದರೆ 03-08 ಕೂಡ ಸರಿಯಾದ ದಿನಾಂಕವೇ. 08-23 ಎಂದು ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ನಿಮ್ಮ ಮಗಳ ವಿಚಾರದಲ್ಲಿ ಆಗಿರುವುದು ಬಹುಶಃ ಇದೇ.

ವಹಿಯೂ ಸರಿ, ನಾಮಿನಲ್ ರೋಲ್ ಕೂಡ ಸರಿ, ಅಂಕಪಟ್ಟಿ ಮಾತ್ರ ತಪ್ಪು ಎಂದಾದರೆ ತಪ್ಪು ಮಂಡಳಿಯ ಕಡೆಯದು. ಇದು ಎಲ್ಲಕ್ಕಿಂತ ಸುಲಭದ ಪ್ರಕರಣ. ವಹಿ ಸರಿಯಿದ್ದು ನಾಮಿನಲ್ ರೋಲ್‌ನಲ್ಲೇ ತಪ್ಪಾಗಿದ್ದರೆ ಅದು ಶಾಲೆಯಲ್ಲಿ ಟೈಪ್ ಮಾಡುವಾಗ ಆದದ್ದು. ಆಗ ಮುಖ್ಯ ಶಿಕ್ಷಕರು ‘ನಮ್ಮ ಶಾಲೆಯಿಂದ ಮಾಹಿತಿ ನಮೂದಿಸುವಾಗ ಕಣ್ತಪ್ಪಿನಿಂದ ದಿನ ಮತ್ತು ತಿಂಗಳು ಅದಲು ಬದಲಾಗಿದೆ’ ಎಂದು ತಮ್ಮ ಪತ್ರದಲ್ಲಿ ನೇರವಾಗಿ ಒಪ್ಪಿಕೊಳ್ಳಬೇಕು. ಹಲವರು ಹಿಂದೇಟು ಹಾಕಿ ‘ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ಕಳುಹಿಸಿದೆ’ ಎಂದಷ್ಟೇ ಬರೆಯುತ್ತಾರೆ. ಆ ಒಂದು ಸಾಲಿನಿಂದ ಮಂಡಳಿಗೆ ಏನೂ ತಿಳಿಯದು, ಕಡತ ವಿವರಣೆ ಕೇಳಿಕೊಂಡು ಮತ್ತೆ ಶಾಲೆಗೇ ಬರುತ್ತದೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯೇ ನೋಡಿ ಸಹಿ ಹಾಕಿದ ಪ್ರತಿ ಇದ್ದರೂ ಹೆದರಬೇಕಿಲ್ಲ. ಮೂಲ ದಾಖಲೆ ವಹಿಯೇ ಹೊರತು ಆ ಸಹಿಯಲ್ಲ.

ಮೂರನೇ ಸಾಧ್ಯತೆ ಕಷ್ಟದ್ದು: ವಹಿಯಲ್ಲೇ 03-08-2007 ಇರುವುದು. ಆಗ ಅಂಕಪಟ್ಟಿ ವಹಿಗೆ ಸರಿಯಾಗಿ ಹೊಂದುತ್ತದೆ, ಮಂಡಳಿಯ ಮಟ್ಟಿಗೆ ಅಲ್ಲಿ ತಪ್ಪೇ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದುಕೊಂಡ ಹಳೆಯ ಪ್ರಕರಣಗಳೂ ಇದೇ ಗುಂಪಿಗೆ ಸೇರುತ್ತವೆ. ಇದಕ್ಕೆ ಪತ್ರ ಸಾಲದು, ದಾರಿಯನ್ನು ಕೆಳಗೆ ಹೇಳಿದ್ದೇನೆ. ದಯವಿಟ್ಟು ವಹಿಯನ್ನು ತಿದ್ದಿಸಲು ಮಾತ್ರ ಹೋಗಬೇಡಿ. ಶಾಲೆ ಬಿಟ್ಟುಹೋದ ವಿದ್ಯಾರ್ಥಿಯ ಜನ್ಮ ದಿನಾಂಕವನ್ನು ಮುಖ್ಯ ಶಿಕ್ಷಕರು ತಾವಾಗಿ ತಿದ್ದುವಂತಿಲ್ಲ. ಬೇರೆ ಶಾಯಿ, ವೈಟ್ನರ್, ಅಂಕಿಯ ಮೇಲೆ ಬರೆದ ಅಂಕಿ ಮೂಲ ವಹಿ ತರಿಸಿದಾಗ ಕಂಡೇ ಕಾಣುತ್ತವೆ. ಅಲ್ಲಿಗೆ ನಿಜವಾದ ಅರ್ಜಿಯೂ ಅನುಮಾನಕ್ಕೆ ಸಿಲುಕುತ್ತದೆ.

ನಿಮ್ಮದು ಮೊದಲ ಎರಡರಲ್ಲಿ ಒಂದು ಎಂದುಕೊಂಡು ಪತ್ರದ ಮಾದರಿ ಕೊಡುತ್ತಿದ್ದೇನೆ. ಒಂದು ವಿಚಾರ ಗಮನಿಸಿ: ಮಗಳಿಗೆ ಈಗ 18 ತುಂಬಿದೆ. ಸಹಿ ಅವಳದೇ ಇರಬೇಕು, ನಿಮ್ಮದಲ್ಲ.

> ಇವರಿಂದ: (ಅಂಕಪಟ್ಟಿಯಲ್ಲಿರುವಂತೆಯೇ ಹೆಸರು, ತಂದೆ ತಾಯಿಯ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ)
>
> ಇವರಿಗೆ: ನಿರ್ದೇಶಕರು (ಪರೀಕ್ಷೆಗಳು), ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, 6ನೇ ಅಡ್ಡರಸ್ತೆ, ಮಲ್ಲೇಶ್ವರಂ, ಬೆಂಗಳೂರು – 560003
>
> ಮುಖಾಂತರ: ಮುಖ್ಯ ಶಿಕ್ಷಕರು, (ಶಾಲೆಯ ಹೆಸರು, ಶಾಲಾ ಸಂಕೇತ)
>
> ಮಾನ್ಯರೇ,
>
> ವಿಷಯ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಪ್ಪಾಗಿ ಮುದ್ರಿತವಾಗಿರುವ ಜನ್ಮ ದಿನಾಂಕವನ್ನು ಶಾಲಾ ದಾಖಲೆಯಂತೆ ಸರಿಪಡಿಸಿಕೊಡುವ ಬಗ್ಗೆ.
>
> ಉಲ್ಲೇಖ: ಮಾರ್ಚ್/ಏಪ್ರಿಲ್ 2023ರ ಪರೀಕ್ಷೆ, ನೋಂದಣಿ ಸಂಖ್ಯೆ ........, ಅಂಕಪಟ್ಟಿ ಕ್ರಮಸಂಖ್ಯೆ ........
>
> ನಾನು ಮೇಲ್ಕಂಡ ಶಾಲೆಯಿಂದ ಉಲ್ಲೇಖಿತ ಪರೀಕ್ಷೆ ಬರೆದು ತೇರ್ಗಡೆಯಾಗಿರುತ್ತೇನೆ. ಶಾಲೆಯ ದಾಖಲಾತಿ ವಹಿಯ ಕ್ರಮಸಂಖ್ಯೆ ........ರಲ್ಲಿ ನನ್ನ ಜನ್ಮ ದಿನಾಂಕ 08-03-2007 (ಎಂಟು ಮಾರ್ಚ್ ಎರಡು ಸಾವಿರದ ಏಳು) ಎಂದು ನಮೂದಾಗಿರುತ್ತದೆ. ಅಂಕಪಟ್ಟಿಯಲ್ಲಿ ದಿನ ಮತ್ತು ತಿಂಗಳು ಅದಲು ಬದಲಾಗಿ 03-08-2007 (ಮೂರು ಆಗಸ್ಟ್ ಎರಡು ಸಾವಿರದ ಏಳು) ಎಂದು ಮುದ್ರಿತವಾಗಿದೆ.
>
> ಶಾಲಾ ದಾಖಲೆಯಲ್ಲಿ ಯಾವುದೇ ಬದಲಾವಣೆಯನ್ನು ನಾನು ಕೋರುತ್ತಿಲ್ಲ. ಅದರಂತೆ ಅಂಕಪಟ್ಟಿಯನ್ನು ಸರಿಪಡಿಸಿ, ತಿದ್ದುಪಡಿ ಮಾಡಿದ ಅಂಕಪಟ್ಟಿಯನ್ನು ನೀಡಬೇಕೆಂದು ವಿನಂತಿಸುತ್ತೇನೆ. ಮೂಲ ಅಂಕಪಟ್ಟಿಯನ್ನು ಇದರೊಂದಿಗೆ ಸಲ್ಲಿಸಿರುತ್ತೇನೆ.
>
> ಸ್ಥಳ, ದಿನಾಂಕ
> ತಮ್ಮ ವಿಶ್ವಾಸಿ, (ಸಹಿ)
>
> ಅಡಕಗಳು: (ಒಂದೊಂದಾಗಿ, ಪುಟಸಂಖ್ಯೆ ಸಹಿತ)

ಈ ಪತ್ರದ ಜೀವ ಇರುವುದು ‘ಶಾಲಾ ದಾಖಲೆಯಲ್ಲಿ ಯಾವುದೇ ಬದಲಾವಣೆಯನ್ನು ಕೋರುತ್ತಿಲ್ಲ’ ಎಂಬ ವಾಕ್ಯದಲ್ಲಿ. ‘ನನ್ನ ಜನ್ಮ ದಿನಾಂಕವನ್ನು ಬದಲಾಯಿಸಿಕೊಡಿ’ ಎಂದು ಬರೆದರೆ, ಓದುವ ಗುಮಾಸ್ತರು ಅದನ್ನು ನ್ಯಾಯಾಲಯದ ಆದೇಶ ಬೇಕಾದ ಪ್ರಕರಣಗಳ ಜೊತೆ ಸೇರಿಸಿಬಿಡಬಹುದು. ಪಾಸ್‌ಪೋರ್ಟ್ ತಡವಾಗುತ್ತಿದೆ, ಮಗಳ ಭವಿಷ್ಯ ಎಂಬ ಮಾತುಗಳನ್ನೂ ಇಲ್ಲಿ ತರಬೇಡಿ. ಅವು ಸುಳ್ಳಲ್ಲ, ಆದರೆ ಅಗತ್ಯ ಬಿದ್ದಾಗ ದಿನಾಂಕ ಬೇಡುತ್ತಿದ್ದಾರೆ ಎಂಬ ಭಾವನೆ ಬರಬಹುದು.

ಅಡಕಗಳಲ್ಲಿ ಮುಖ್ಯವಾದದ್ದು ದಾಖಲಾತಿ ವಹಿಯ ಆ ಪುಟದ ದೃಢೀಕೃತ ಪ್ರತಿ. ಮಗಳ ಸಾಲನ್ನಷ್ಟೇ ಕತ್ತರಿಸಿ ಜೆರಾಕ್ಸ್ ಮಾಡಿಸಬೇಡಿ. ಇಡೀ ಪುಟ ಇದ್ದರೆ ಮೇಲಿನ ಕೆಳಗಿನ ನಮೂದುಗಳ ನಡುವೆ ಇದು ಸಹಜವಾಗಿ ಕೂತಿದೆ ಎಂಬುದು ಕಾಣುತ್ತದೆ. ಅದರ ಜೊತೆಗೆ ನಾಮಿನಲ್ ರೋಲ್ ಪ್ರತಿ, ವರ್ಗಾವಣೆ ಪತ್ರದ ಪ್ರತಿ, ಮುಖ್ಯ ಶಿಕ್ಷಕರ ಪತ್ರ ಇರಲಿ. ಪ್ರಾಥಮಿಕ ಶಾಲೆ ಬೇರೆಯಾಗಿದ್ದರೆ ಅಲ್ಲಿನ ವಹಿಯ ಪ್ರತಿಯನ್ನೂ ತನ್ನಿ. ಒಂದನೇ ತರಗತಿಯಲ್ಲೇ ಬರೆದ ದಿನಾಂಕ ಎಂಬುದು ನಿಮ್ಮ ಪರ ದೊಡ್ಡ ಬಲ. ಜನನ ಪ್ರಮಾಣಪತ್ರವನ್ನು ಪೂರಕವಾಗಿ ಇಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮತ್ತು ಶುಲ್ಕದ ಚಲನ್ ವಿಚಾರದಲ್ಲಿ ಮಂಡಳಿಯ ಚಾಲ್ತಿ ಸುತ್ತೋಲೆಯಂತೆ ನಡೆಯಲು ಶಾಲೆಗೆ ಹೇಳಿ, ಮೊತ್ತ ಕಾಲಕಾಲಕ್ಕೆ ಬದಲಾಗುತ್ತದೆ.

ಮೂಲ ಅಂಕಪಟ್ಟಿ ಕೈಬಿಡುವ ಮುಂಚೆ ಎರಡೂ ಬದಿಯ ಬಣ್ಣದ ಪ್ರತಿ ತೆಗೆದು ಇಟ್ಟುಕೊಳ್ಳಿ. ಶಾಲೆಗೆ ಕೊಟ್ಟರೆ ‘ಮೂಲ ಅಂಕಪಟ್ಟಿ ಸ್ವೀಕರಿಸಿದೆ’ ಎಂದು ದಿನಾಂಕ, ಮೊಹರು ಸಹಿತ ಬರೆಸಿಕೊಳ್ಳಿ. ಅದರ ಮೇಲೆ ಪೆನ್ನಿನಲ್ಲಿ ಸರಿ ದಿನಾಂಕ ಬರೆಯುವುದು ಖಂಡಿತ ಬೇಡ. ಅಂಚೆಯಲ್ಲಿ ಹೋಗುವುದಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಸಲ್ಲಿಸಿದ ಮೇಲೆ ಸುದ್ದಿಯೇ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಯಾವ ಶಾಖೆಯಲ್ಲಿದೆ, ಕಡತದ ಟಿಪ್ಪಣಿ ಪುಟಗಳ ಪ್ರತಿ ಕೊಡಿ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ‘ಯಾಕೆ ತಡ’ ಎಂಬ ಪ್ರಶ್ನೆ ಹಾಕಬೇಡಿ, ದಾಖಲೆ ಕೇಳಿ. ಸರ್ಕಾರಿ ಶಾಲೆ ವಹಿಯ ಪ್ರತಿ ಕೊಡದೆ ಸತಾಯಿಸಿದರೂ ಇದೇ ಅಸ್ತ್ರ.

ಇನ್ನು ವಹಿಯೇ ತಪ್ಪಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ ಹೂಡಬೇಕು, ಅಂದರೆ ಸರಿಯಾದ ಜನ್ಮ ದಿನಾಂಕ ಇದೇ ಎಂದು ಘೋಷಿಸುವಂತೆ ನ್ಯಾಯಾಲಯವನ್ನು ಕೋರಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಅದಕ್ಕೆ ಆಧಾರ. ಇಂಥ ದಾವೆಗೆ ಕಾಲಮಿತಿ, ದಾವೆಯ ಹಕ್ಕು ಮೊದಲ ಸಲ ಹುಟ್ಟಿದ ದಿನದಿಂದ 3 ವರ್ಷ. ಅಂಕಪಟ್ಟಿ ಕೈಗೆ ಬಂದ ದಿನದಿಂದಲೇ ಲೆಕ್ಕ ಎಂದು ಎದುರು ಕಡೆಯವರು ವಾದಿಸಬಹುದಾದ್ದರಿಂದ ತಡಮಾಡದೆ ವಕೀಲರನ್ನು ಕಾಣಿ. ದಾವೆಯಲ್ಲಿ ಶಾಲೆಯ ಜೊತೆ ಮಂಡಳಿಯನ್ನೂ ಪ್ರತಿವಾದಿ ಮಾಡಲೇಬೇಕು. ಮಂಡಳಿಯನ್ನು ಬಿಟ್ಟು ಡಿಕ್ರಿ ತಂದವರಿಗೆ, ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಸರ್ಕಾರಿ ಶಾಲೆಯಾಗಿದ್ದರೆ ಸರ್ಕಾರವೂ ಪ್ರತಿವಾದಿಯಾಗುತ್ತದೆ, ಆಗ ದಾವೆಗೆ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು. ಸರ್ಕಾರಿ ನೌಕರಿಗೆ ಸೇರಿದವರ ವಯಸ್ಸಿನ ವಿಚಾರಕ್ಕೆ ಕರ್ನಾಟಕದಲ್ಲಿ 1974ರ ಪ್ರತ್ಯೇಕ ಕಾಯ್ದೆಯೇ ಇದೆ. ಹಾಗಾಗಿ ನೌಕರಿಗೆ ಮುಂಚೆಯೇ ಇದನ್ನು ಮುಗಿಸಿಕೊಳ್ಳುವುದು ಕ್ಷೇಮ.

ಸಿಬಿಎಸ್‌ಇ ಶಾಲೆಯ ಪೋಷಕರಿಗೂ ಒಂದು ಮಾತು. ಅಲ್ಲಿಯೂ ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಆದರೆ 2021ರ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲಾ ದಾಖಲೆಯಷ್ಟೇ ಅಲ್ಲ, ಜನನ ಪ್ರಮಾಣಪತ್ರದಂಥ ಸಾರ್ವಜನಿಕ ದಾಖಲೆಯ ಆಧಾರದ ಮೇಲೂ ತಿದ್ದುಪಡಿ ಕೋರಲು ಅವಕಾಶ ಕೊಟ್ಟಿದೆ. ಅಂಥ ಅರ್ಜಿಯಲ್ಲಿ ಆ ತೀರ್ಪನ್ನು ಉಲ್ಲೇಖದ ಸಾಲಿನಲ್ಲೇ ಹಾಕಿ.

ಹೊಸ ಅಂಕಪಟ್ಟಿ ಬರುವವರೆಗೆ ಆಧಾರ್‌ ಮುಟ್ಟಬೇಡಿ. ಪಾಸ್‌ಪೋರ್ಟ್ ಬೇಗ ಸಿಗಲೆಂದು ಕೆಲವರು ಆಧಾರ್‌ನಲ್ಲಿರುವ ಸರಿ ದಿನಾಂಕವನ್ನೇ ತಪ್ಪು ಅಂಕಪಟ್ಟಿಗೆ ಹೊಂದಿಸಲು ಹೋಗುತ್ತಾರೆ. ಆಧಾರ್‌ನಲ್ಲಿ ಜನ್ಮ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಅದು ಮುಗಿದರೆ ಮತ್ತೆ ಸರಿ ಮಾಡಿಸುವುದು ದೊಡ್ಡ ತಲೆನೋವು. ಹೊಸದು ಬಂದ ಕೂಡಲೇ ಹೆಸರು, ನೋಂದಣಿ ಸಂಖ್ಯೆ, ಅಂಕಗಳು ಎಲ್ಲವನ್ನೂ ಹಳೆಯ ಬಣ್ಣದ ಪ್ರತಿಯ ಜೊತೆ ಇಟ್ಟು ತಾಳೆ ನೋಡಿ, ಡಿಜಿಲಾಕರ್‌ನಲ್ಲಿಯೂ ಬದಲಾಗಿದೆಯೇ ಪರೀಕ್ಷಿಸಿ. ಪಿಯು ಕಾಲೇಜಿನವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿಯೇ ತಮ್ಮ ವಹಿ ಬರೆದುಕೊಂಡಿರುತ್ತಾರೆ, ಹಾಗಾಗಿ ಅಲ್ಲಿನ ವರ್ಗಾವಣೆ ಪತ್ರದಲ್ಲೂ 03-08-2007 ಇರುವ ಸಾಧ್ಯತೆ ಹೆಚ್ಚು. ತಿದ್ದಿದ ಅಂಕಪಟ್ಟಿಯ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಒಂದು ಅರ್ಜಿ, ಈಗ ಓದುತ್ತಿರುವ ಕಾಲೇಜಿಗೆ ಇನ್ನೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.