ಮೊಬೈಲ್ ಮತ್ತು ಗಮನ: ಪೋಸ್ಟರ್‌ನ ಅಬ್‌ಸ್ಟ್ರಾಕ್ಟ್ ಬರೆಯೋದು ಹೇಗೆ?

"40 ವಿದ್ಯಾರ್ಥಿಗಳ ಅಧ್ಯಯನ ನಮ್ಮದು. ಮೊಬೈಲ್ ಜಾಸ್ತಿ ನೋಡುವವರ ಗಮನದ ಅವಧಿ ಕಡಿಮೆ ಅಂತ ಬಂದಿದೆ, ಆದರೆ p = 0.08. ಅಬ್‌ಸ್ಟ್ರಾಕ್ಟ್‌ನಲ್ಲಿ ಇದನ್ನು ಗಟ್ಟಿಯಾಗಿ ಹೇಳೋದು ಹೇಗೆ?"

ಗಟ್ಟಿಯಾಗಿ ಹೇಳಲೇಬೇಡಿ. ತುಮಕೂರಿನಲ್ಲಿ ಡಿಗ್ರಿ ಓದುವಾಗ ನಾವೂ ಇಂಥದ್ದೇ ಪೋಸ್ಟರ್ ಮಾಡಿದ್ದೆವು. "ಮೊಬೈಲ್ ಬಳಕೆಯಿಂದ ಗಮನ ಕುಗ್ಗುತ್ತದೆ" ಅಂತ ಅಬ್‌ಸ್ಟ್ರಾಕ್ಟ್ ಮುಗಿಸಿದ್ದೆವು. ಪೋಸ್ಟರ್ ನೋಡಲು ಬಂದ ಮೇಡಂ ಕೇಳಿದ್ದು ಒಂದೇ: "ಟೆಸ್ಟ್ ಯಾವ ಹೊತ್ತಿನಲ್ಲಿ ಮಾಡಿದ್ರಿ?"

ನಮ್ಮದು ಅಕ್ಷರ ಹೊಡೆದುಹಾಕುವ ಪರೀಕ್ಷೆ. ಹಾಳೆ ತುಂಬ ಅಕ್ಷರಗಳ ಸಾಲು ಇರುತ್ತವೆ. ಹೇಳಿದ ಅಕ್ಷರ ಕಂಡಲ್ಲೆಲ್ಲ ಗೀಟು ಹಾಕಬೇಕು, ಎಷ್ಟು ಬಿಟ್ಟುಹೋಯಿತು ಅಂತ ನಾವು ಎಣಿಸುತ್ತೇವೆ. ಗುಬ್ಬಿ, ಕೊರಟಗೆರೆ ಕಡೆಯವರು ಮಧ್ಯಾಹ್ನ ಬಸ್ಸು ಹಿಡಿಯಬೇಕು. ಹಾಗಾಗಿ ಅವರಿಗೆ ಬೆಳಿಗ್ಗೆಯೇ ಮಾಡಿಸಿದೆವು. ಹಾಸ್ಟೆಲ್‌ನವರು ಎಲ್ಲೂ ಹೋಗಲ್ಲ ಅಲ್ವಾ, ಅವರಿಗೆ ಊಟ ಆದಮೇಲೆ. ಮೊಬೈಲ್ ಜಾಸ್ತಿ ನೋಡುತ್ತಿದ್ದವರೂ ಹಾಸ್ಟೆಲ್‌ನವರೇ. ಊಟ ಮಾಡಿ ತೂಕಡಿಸುತ್ತಾ ಕೂತವರು ಹೇಗೂ ಅಕ್ಷರ ಬಿಡುತ್ತಾರೆ. ಬಿಟ್ಟಿದ್ದು ಮೊಬೈಲ್‌ನಿಂದಲೋ, ಊಟದಿಂದಲೋ, ರಾತ್ರಿ ನಿದ್ದೆಗೆಟ್ಟಿದ್ದರಿಂದಲೋ ಹೇಳುವುದು ಹೇಗೆ? ಆಮೇಲೆ ಹಾಸ್ಟೆಲ್‌ನವರದ್ದನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದೆವು. ಸಂಬಂಧ ಹೆಚ್ಚುಕಡಿಮೆ ಮಾಯ. ಪರೀಕ್ಷೆಯ ಹೊತ್ತು ಎರಡು ಗುಂಪಿಗೆ ಬೇರೆ ಬೇರೆ ಅನ್ನುವ ಅರ್ಧ ಸಾಲು ಅಬ್‌ಸ್ಟ್ರಾಕ್ಟ್‌ನಲ್ಲಿ ಇದ್ದಿದ್ದರೆ ಆ ಕೊನೆಯ ವಾಕ್ಯ ಬರೆಯುವ ಧೈರ್ಯವೇ ನಮಗೆ ಬರುತ್ತಿರಲಿಲ್ಲ. ಬಹುಮಾನ ಹೋಯಿತು, ಅದು ನ್ಯಾಯವೇ.

ಈಗ ನಿಮ್ಮ 0.08. ಪಿಯರ್ಸನ್ ಸಹಸಂಬಂಧ ಹಾಕಿದ್ದರೆ, 40 ಜನರಿಗೆ ಈ p ಬರಬೇಕಾದರೆ r ಸುಮಾರು −0.28 ಇರುತ್ತದೆ. ಅದರ 95% ಮಿತಿ −0.54ರಿಂದ 0.03ರವರೆಗೆ. ಅಂದರೆ ಸಂಬಂಧ ಸಾಕಷ್ಟು ಬಲವಾಗಿಯೂ ಇರಬಹುದು, ಇಲ್ಲದೆಯೂ ಇರಬಹುದು. "ಪ್ರವೃತ್ತಿ ಕಂಡುಬಂದಿದೆ" ಅಂತ ಸುತ್ತಿ ಬಳಸಿ ಬರೆಯುವುದು ನನಗೆ ಹಿಡಿಸಲ್ಲ. r, ಮಿತಿ, p ಮೂರನ್ನೂ ಕೊಡಿ.

"ಗಮನದ ಅವಧಿ" ಅನ್ನುವುದನ್ನೂ ಬಿಡಿ. ನಿಮ್ಮದೂ ಅಕ್ಷರ ಪರೀಕ್ಷೆಯೇ ಆಗಿದ್ದರೆ, ಅಂಥ ಕೆಲವು ನಿಮಿಷದ ಹಾಳೆ ಪರೀಕ್ಷೆ ಅವಧಿಯನ್ನು ಅಳೆಯಲ್ಲ. ಬಳಕೆಯ ಗಂಟೆ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಿಂದ ಬಂತೋ, ಅವರು ಅಂದಾಜಿಗೆ ಹೇಳಿದ್ದೋ, ಅದೂ ಬರೆಯಿರಿ. ಅಂದಾಜು ಗಂಟೆ ಎಷ್ಟೋ ಸಲ ಫೋನ್ ತೋರಿಸುವುದಕ್ಕೆ ಹೊಂದಲ್ಲ.

ನಾನಾದರೆ ಫಲಿತಾಂಶ ಹೀಗೆ ಬರೆಯುತ್ತೇನೆ: "ದಿನದ ಮೊಬೈಲ್ ಬಳಕೆ ಹೆಚ್ಚಿದ್ದವರು ಅಕ್ಷರ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆ ಅಂಕ ಪಡೆದರು (r = −0.28, 95% ಮಿತಿ −0.54ರಿಂದ 0.03, p = 0.08). ಪರೀಕ್ಷೆಯ ಹೊತ್ತು ಎಲ್ಲರಿಗೂ ಒಂದೇ ಇರಲಿಲ್ಲ. ಇದು ಕಾರಣವನ್ನು ತೋರಿಸುವುದಿಲ್ಲ." ನೀವು ಎಲ್ಲರಿಗೂ ಒಂದೇ ಹೊತ್ತಿಗೆ ಮಾಡಿಸಿದ್ದರೆ ಹೊತ್ತಿನ ಮಾತು ತೆಗೆದು, ಗಂಟೆ ಎಷ್ಟು ಅಂತ ವಿಧಾನದ ಸಾಲಿಗೆ ಸೇರಿಸಿ.