ಹೊಸ ಬ್ಯಾಟರಿ ಹಾಕಿದ ಮೇಲೂ ಕ್ವಾರ್ಟ್ಜ್ ವಾಚ್ ಹಿಂದೆ ಬೀಳುತ್ತಿದ್ದರೆ

ಪ್ರಶ್ನೆ: ಹೋದ ವಾರವಷ್ಟೇ ನನ್ನ ಕ್ವಾರ್ಟ್ಜ್ ವಾಚ್‌ಗೆ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ದಿನಕ್ಕೆ ನಾಲ್ಕೈದು ನಿಮಿಷ ಹಿಂದೆ ಬೀಳುತ್ತಿದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಬ್ಯಾಟರಿನೇ ಸರಿಯಿಲ್ವಾ, ಇಲ್ಲಾ ವಾಚೇ ಹೋಯ್ತಾ?

ಎರಡೂ ಆಗಿರಲಿಕ್ಕಿಲ್ಲ. ನನ್ನ ವಾಚ್ ಒಂದು ಹೀಗೇ ಆಟ ಆಡಿಸಿತ್ತು. ನಾನು ಬ್ಯಾಟರಿಯನ್ನೇ ಬೈಯುತ್ತಾ ಇನ್ನೊಂದು ಹೊಸದು ತಂದು ಹಾಕಿದೆ. ಏನೂ ಬದಲಾಗಲಿಲ್ಲ.

ಮೊದಲು ಹರಳಿನ ಮೇಲಿನ ಅನುಮಾನ ಬಿಟ್ಟುಬಿಡಿ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಅದನ್ನು ಅರ್ಧಕ್ಕೆ ಅರ್ಧ ಮಾಡುತ್ತಾ 15 ಸಲ ಇಳಿಸಿ, ಸೆಕೆಂಡಿಗೆ ಒಂದು ವಿದ್ಯುತ್ ತಟ್ಟು ಮೋಟರಿಗೆ ಕಳಿಸುತ್ತದೆ. ಸಾಧಾರಣ ವಾಚಿನಲ್ಲೂ ಇದರ ತಪ್ಪು ತಿಂಗಳಿಗೆ 15 ಸೆಕೆಂಡಿನ ಆಸುಪಾಸು. ತುಂಬಾ ಚಳಿಯಲ್ಲಿ ಬಿಚ್ಚಿಟ್ಟರೂ ದಿನಕ್ಕೆ ಒಂದೆರಡು ಸೆಕೆಂಡು ಹಿಂದೆ ಬಿದ್ದೀತು, ಅಷ್ಟೇ. ದಿನಕ್ಕೆ ನಿಮಿಷಗಟ್ಟಲೆ ಹೋಗುತ್ತಿದೆ ಅಂದರೆ ಲೆಕ್ಕ ಸರಿಯಾಗೇ ಇದೆ, ಹೆಜ್ಜೆ ತಪ್ಪುತ್ತಿದೆ. ತಟ್ಟು ಬರುತ್ತದೆ, ಮುಳ್ಳು ಕದಲುವುದಿಲ್ಲ.

ಇಲ್ಲೊಂದು ಮಜಾ ಇದೆ. ಆ ಮೋಟರಿನೊಳಗೆ ಇರುವುದು ಒಂದು ಪುಟ್ಟ ಅಯಸ್ಕಾಂತ. ಪ್ರತಿ ತಟ್ಟಿಗೆ ಅದು ಅರ್ಧ ಸುತ್ತು ತಿರುಗುತ್ತದೆ. ಅದಕ್ಕಾಗಿ ತಟ್ಟಿನ ದಿಕ್ಕು ಒಂದು ಸಲ ಹೀಗೆ, ಮುಂದಿನ ಸಲ ಹಾಗೆ ಬದಲಾಗುತ್ತಿರುತ್ತದೆ. ಒಂದು ಹೆಜ್ಜೆ ತಪ್ಪಿತು ಅಂದುಕೊಳ್ಳಿ. ಮುಂದಿನ ತಟ್ಟು ಅಯಸ್ಕಾಂತ ಆಗಲೇ ನಿಂತಿರುವ ಕಡೆಗೇ ಎಳೆಯುತ್ತದೆ, ಹಾಗಾಗಿ ಅದೂ ವ್ಯರ್ಥ. ಅಂದರೆ ಒಂದು ಸಲ ಎಡವಿದರೆ ಹೋಗುವುದು ಎರಡು ಸೆಕೆಂಡು. ದಿನಕ್ಕೆ 4 ನಿಮಿಷ ಅಂದರೆ 240 ಸೆಕೆಂಡು, ಅಂದರೆ 120 ಎಡವು. ಸಮನಾಗಿ ಹಂಚಿದರೆ 12 ನಿಮಿಷಕ್ಕೊಂದು ಸಲ! ಒಂದು ನಿಮಿಷ ದಿಟ್ಟಿಸಿ ನೋಡಿ "ಚೆನ್ನಾಗೇ ಓಡ್ತಿದೆಯಲ್ಲ" ಅನ್ನಿಸಿದರೆ ಅದನ್ನು ನಂಬಬೇಡಿ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸೆಕೆಂಡಿನ ಮುಳ್ಳು 12ರ ಮೇಲಿದ್ದಾಗ ಕೀ ಎಳೆದು ನಿಲ್ಲಿಸಿ, ನಿಮಿಷದ ಮುಳ್ಳನ್ನು ಸರಿಯಾಗಿ ಒಂದು ಗೆರೆಯ ಮೇಲೆ ತನ್ನಿ. ಫೋನಿನ ಸಮಯಕ್ಕೆ ಹೊಂದಿಸಿ ಕೀ ಒತ್ತಿ. ಕೀ ಪೂರ್ತಿ ಒಳಗೆ ಕೂತಿದೆಯಾ ಅಂತಲೂ ನೋಡಿ, ಅರ್ಧ ಎದ್ದಿದ್ದರೆ ವಾಚ್ ನಿಲ್ಲುವುದು ಸಹಜ. ಮಾರನೇ ದಿನ ಸೆಕೆಂಡಿನ ಮುಳ್ಳು 12ಕ್ಕೆ ಬಂದಾಗ ನಿಮಿಷದ ಮುಳ್ಳು ಗೆರೆಯ ಮೇಲೇ ಇದೆಯಾ? ಇದ್ದೂ ವಾಚ್ ಹಿಂದೆ ಬಿದ್ದಿದ್ದರೆ ಎಲ್ಲ ಮುಳ್ಳುಗಳೂ ಒಟ್ಟಿಗೇ ಹಿಂದುಳಿದಿವೆ, ಹೆಜ್ಜೆಯೇ ತಪ್ಪುತ್ತಿದೆ. ಸೆಕೆಂಡಿನ ಮುಳ್ಳು ಫೋನಿಗೆ ಸರಿಯಾಗಿದ್ದು, ನಿಮಿಷದ ಮುಳ್ಳು ಮಾತ್ರ ಗೆರೆ ಬಿಟ್ಟು ಹಿಂದಿದ್ದರೆ ಅದು ಬೇರೆ ರೋಗ. ಆ ಮುಳ್ಳು ಸಡಿಲವಾಗಿದೆ, ಇಲ್ಲವೇ ಅದನ್ನು ತಿರುಗಿಸುವ ಹಲ್ಲಿನ ಚಕ್ರ ಜಾರುತ್ತಿದೆ. ಅದಕ್ಕೆ ಬ್ಯಾಟರಿ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ.

ನನ್ನದರಲ್ಲಿ ಎಲ್ಲವೂ ಒಟ್ಟಿಗೇ ಹಿಂದೆ ಬಿದ್ದಿದ್ದವು. ಹಾಗಾಗಿ ಮೊದಲ ರಾತ್ರಿ ವಾಚನ್ನು ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿಟ್ಟೆ. ಬೆಳಿಗ್ಗೆ ಒಂದು ಸೆಕೆಂಡೂ ಹೋಗಿರಲಿಲ್ಲ. ಎರಡನೇ ರಾತ್ರಿ 12 ಮೇಲಕ್ಕೆ ಬರುವಂತೆ ಲೋಟಕ್ಕೆ ಒರಗಿಸಿ ನಿಲ್ಲಿಸಿದೆ. ಬೆಳಿಗ್ಗೆ ಎರಡು ನಿಮಿಷ ಚಿಲ್ಲರೆ ಹಿಂದೆ! ಮಲಗಿಸಿದಾಗ ಮುಳ್ಳು ಭಾರ ಎತ್ತಬೇಕಿಲ್ಲ. ನಿಲ್ಲಿಸಿದಾಗ ಸೆಕೆಂಡಿನ ಮುಳ್ಳು 6ರಿಂದ 12ಕ್ಕೆ ಏರು ಹತ್ತಬೇಕು, ಅದರಲ್ಲೂ 9ರ ಹತ್ತಿರ ಅಡ್ಡಕ್ಕೆ ಚಾಚಿಕೊಂಡಾಗ ಭಾರ ಅತಿ ಜಾಸ್ತಿ. ಕಾದು ಕೂತು ನೋಡಿದೆ. ಅಲ್ಲೇ ಒಮ್ಮೊಮ್ಮೆ ಮುಳ್ಳು ಮಿಡುಕಿ ಹಾಗೇ ಉಳಿಯುತ್ತಿತ್ತು. ಸೋತ ಗೋಡೆ ಗಡಿಯಾರಗಳ ಸೆಕೆಂಡಿನ ಮುಳ್ಳು 9ರ ಆಸುಪಾಸಿನಲ್ಲಿ ನಿಂತು ನಡುಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕಾರಣ ಒಂದೇ.

ತಾರೀಖು ತೋರಿಸುವ ವಾಚಾದರೆ ಇನ್ನೊಂದು ಗಮನಿಸಿ. ರಾತ್ರಿ 10ರಿಂದ 1ರೊಳಗೆ ಮಾತ್ರ ಹಿಂದೆ ಬೀಳುತ್ತಿದ್ದರೆ ಆ ಹೊತ್ತಲ್ಲಿ ತಾರೀಖಿನ ಚಕ್ರ ತಳ್ಳುವ ಕೆಲಸ ಮೋಟರಿಗೆ ಭಾರವಾಗುತ್ತಿದೆ.

ಇನ್ನು ನಿಂತೇ ಹೋಗುವ ವಿಷಯ. ನಿಂತಾಗ ಅಲುಗಾಡಿಸಬೇಡಿ, ಸುಮ್ನೆ ಮುಳ್ಳನ್ನು ನೋಡಿ. ಇದ್ದಲ್ಲೇ ಮಿಡುಕುತ್ತಿದ್ದರೆ ಕರೆಂಟ್ ಬರುತ್ತಿದೆ, ಚಕ್ರಗಳೇ ಬಿಗಿ. ಒಂದಕ್ಕೊಂದು ತಾಗುವ ಮುಳ್ಳು, ಒಳಗೆ ಸೇರಿದ ಎಳೆ, ಒಣಗಿ ಅಂಟಾದ ಎಣ್ಣೆ, ಇಷ್ಟರಲ್ಲಿ ಒಂದು. ಒಂದಿಷ್ಟೂ ಮಿಡುಕದೆ ಕಲ್ಲಿನಂತೆ ನಿಂತಿದ್ದು, ಮೆಲ್ಲಗೆ ತಟ್ಟಿದರೆ ಓಡಿದರೆ ಬ್ಯಾಟರಿ ಸರಿಯಾಗಿ ತಾಗುತ್ತಿಲ್ಲ ಅಂತ ಅನುಮಾನ ಪಡಿ. ಎಸ್‌ಆರ್ 626 ಮತ್ತು ಎಸ್‌ಆರ್ 621 ಎರಡರ ಅಗಲವೂ 6.8 ಮಿಲಿಮೀಟರ್, ಆದರೆ ದಪ್ಪ ಒಂದು 2.6, ಇನ್ನೊಂದು 2.1 ಅಷ್ಟೇ. 626ರ ಜಾಗದಲ್ಲಿ 621 ಚೆನ್ನಾಗೇ ಕೂರುತ್ತದೆ, ಆದರೆ ಮೇಲಿನ ಪಟ್ಟಿಗೆ ಸರಿಯಾಗಿ ಎಟುಕುವುದಿಲ್ಲ. ಸೆಕೆಂಡಿನ ಮುಳ್ಳು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಒಟ್ಟಿಗೆ ಜಿಗಿಯುತ್ತಿದ್ದರೆ ಮಾತ್ರ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ವಾಚೇ ಹೇಳುತ್ತಿದೆ. ಎಲ್ಲ ವಾಚಿನಲ್ಲೂ ಈ ಸೌಲಭ್ಯ ಇರುವುದಿಲ್ಲ.

"ಹೊಸ" ಬ್ಯಾಟರಿಯನ್ನೂ ಒಮ್ಮೆ ಅಳೆಯಿರಿ. ಎಸ್‌ಆರ್ ಅಂತಿದ್ದರೆ ಸಿಲ್ವರ್ ಆಕ್ಸೈಡ್, ಮಲ್ಟಿಮೀಟರಿನಲ್ಲಿ 1.55 ವೋಲ್ಟ್ ಹತ್ತಿರ ಬರಬೇಕು. ಕೊನೆವರೆಗೂ ಅದು ಹೆಚ್ಚು ಇಳಿಯುವುದಿಲ್ಲ, ಹಾಗಾಗಿ 1.4 ಕಂಡರೆ ಅದರ ಕಥೆ ಮುಗಿದಂತೆ. ಎಲ್‌ಆರ್ ಅಂತಿದ್ದರೆ ಅದು ಆಲ್ಕಲೈನ್. ಅದರ ವೋಲ್ಟೇಜ್ ಮೊದಲಿನಿಂದಲೇ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಚಕ್ರಗಳು ಸ್ವಲ್ಪ ಬಿಗಿಯಾದ ಹಳೇ ವಾಚಿಗೆ ಅದು ಬೇಡ.

ಬ್ಯಾಟರಿ ಮೊದಲು ಎರಡು ವರ್ಷ ಬರುತ್ತಿದ್ದು ಈಗ ಆರೇ ತಿಂಗಳು ಬಂದರೆ ಅದೂ ಬಿಗಿಯ ಗುರುತಾಗಿರಬಹುದು. ಎಷ್ಟೋ ಚಿಪ್‌ಗಳು ಮೊದಲು ಸಣ್ಣ ತಟ್ಟು ಕೊಟ್ಟು, ಮೋಟರ್ ತಿರುಗದಿದ್ದರೆ ಕೂಡಲೇ ದೊಡ್ಡದು ಕೊಡುತ್ತವೆ. ಸಮಯ ಸರಿ ಇರುತ್ತದೆ, ಬ್ಯಾಟರಿ ಬೇಗ ಬಸಿದುಹೋಗುತ್ತದೆ.

ಫೋನಿನ ಸ್ಪೀಕರ್, ಬ್ಯಾಗಿನ ಅಯಸ್ಕಾಂತದ ಗುಂಡಿ ಇಂಥವುಗಳ ಪಕ್ಕದಲ್ಲಿ ಇಡುವ ಅಭ್ಯಾಸವಿದ್ದರೆ ಒಂದು ವಾರ ದೂರ ಇಟ್ಟು ನೋಡಿ. ಹತ್ತಿರವಿದ್ದಷ್ಟು ಹೊತ್ತು ಮೋಟರ್ ನಿಲ್ಲಬಹುದು. ದೂರ ಸರಿಸಿದರೆ ಮತ್ತೆ ಓಡುತ್ತದೆ, ಆದರೆ ಹೋದ ಸಮಯ ವಾಪಸ್ ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಲ್ಲಿಗೆ ಮುಗಿಯಿತು. ದಯವಿಟ್ಟು ಹೊಲಿಗೆ ಮಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಒಳಗೆ ಬಿಡಬೇಡಿ. ಅದು ಹರಡಿ ಧೂಳು ಹಿಡಿಯುತ್ತದೆ, ಬಿಗಿ ಇನ್ನೂ ಜಾಸ್ತಿಯಾಗುತ್ತದೆ. ಮೋಟರಿನ ತಂತಿಸುರುಳಿಯಂತೂ ಕೂದಲಿಗಿಂತ ತೆಳು, ಸ್ಕ್ರೂಡ್ರೈವರ್ ಒಮ್ಮೆ ಸೋಕಿದರೆ ತುಂಡಾಗುತ್ತದೆ.

ರಿಪೇರಿಯವರ ಹತ್ತಿರ ಹೋದಾಗ "ಸ್ಲೋ ಆಗ್ತಿದೆ" ಅಂತಷ್ಟೇ ಹೇಳಬೇಡಿ. ಹಾಗಂದರೆ ಮತ್ತೊಂದು ಬ್ಯಾಟರಿ ಹಾಕಿ ಕಳಿಸುತ್ತಾರೆ. "ಮಲಗಿಸಿದರೆ ಸರಿ, ನಿಲ್ಲಿಸಿದರೆ ರಾತ್ರಿಗೆ ಎರಡು ನಿಮಿಷ, 9ರ ಹತ್ತಿರ ಮಿಡುಕುತ್ತದೆ" ಅಂತ ನಾನು ಹೇಳಿದ ಕೂಡಲೇ ಅವರು ಭೂತಗನ್ನಡಿ ತೆಗೆದರು. ಚಕ್ರಗಳ ನಡುವೆ ಒಣಗಿದ ಎಣ್ಣೆಯ ಜೊತೆ ಒಂದು ಬಟ್ಟೆಯ ಎಳೆ ಸಿಕ್ಕಿತ್ತು. ಬಿಚ್ಚಿ ತೊಳೆದು ಎಣ್ಣೆ ಬಿಟ್ಟುಕೊಟ್ಟರು. ಬಿಚ್ಚಲು ಬರದ ಪ್ಲಾಸ್ಟಿಕ್ ಯಂತ್ರವಾಗಿದ್ದರೆ ಇಡೀ ಒಳಯಂತ್ರವನ್ನೇ ಬದಲಾಯಿಸುತ್ತಾರೆ, ಅದರಲ್ಲಿ ಮೋಸವೇನಿಲ್ಲ. ನನ್ನ ವಾಚಿನಲ್ಲಿ ಈಗ ಓಡುತ್ತಿರುವುದು ನಾನು ಬೈದು ತೆಗೆದಿಟ್ಟಿದ್ದ ಅದೇ ಮೊದಲ ಬ್ಯಾಟರಿ.